ರಿಮೋಟ್ ಕಳೆದುಹೋಗಿದೆ, ಮನೆಯ ವೈಫೈ ಕೂಡ ಬದಲಾಗಿದೆ: ಫೋನಿನಿಂದ ಟಿವಿ ನಡೆಸುವುದು ಹೇಗೆ?

ಪ್ರಶ್ನೆ (ಶಿಕ್ಷಕಿ, ಹಾಸನ): ನಮ್ಮದು ಆಂಡ್ರಾಯ್ಡ್ ಟಿವಿ. ಮನೆ ಬದಲಿಸುವಾಗ ಅದರ ರಿಮೋಟ್ ಕಳೆದುಹೋಯಿತು. ಫೋನನ್ನೇ ರಿಮೋಟ್ ಮಾಡಿಕೊಳ್ಳೋಣವೆಂದು ಗೂಗಲ್ ಟಿವಿ ಆಪ್ ಹಾಕಿಕೊಂಡರೆ ಅದು ಟಿವಿಯನ್ನು ಹುಡುಕುತ್ತಲೇ ಇರುತ್ತದೆ. ಹೊಸ ಮನೆಯಲ್ಲಿ ಇಂಟರ್ನೆಟ್ ಸಂಪರ್ಕವೂ ಹೊಸದು. ಅದಕ್ಕೆ ಟಿವಿಯನ್ನು ಸೇರಿಸಲು ರಿಮೋಟ್ ಬೇಕು, ಫೋನ್ ರಿಮೋಟ್ ಆಗಲು ಟಿವಿ ವೈಫೈಗೆ ಸೇರಿರಬೇಕು. ಇದರಿಂದ ಹೊರಬರುವ ದಾರಿ ಇದೆಯೇ?

ಬ್ಯಾಂಕ್ ಉದ್ಯೋಗಿ, ದಾವಣಗೆರೆ: ಮೇಡಂ, ವೈಫೈಯೇ ಬೇಡ. ರೆಡ್ಮಿ ಫೋನ್ ಇದ್ದವರಿಂದ ಒಂದು ದಿನದ ಮಟ್ಟಿಗೆ ಪಡೆದುಕೊಳ್ಳಿ. ಅದರಲ್ಲಿರುವ ಮಿ ರಿಮೋಟ್ ಆಪ್‌ನಲ್ಲಿ ನಿಮ್ಮ ಟಿವಿ ಕಂಪನಿಯನ್ನು ಆರಿಸಿಕೊಂಡರೆ ಎಲ್ಲವೂ ನಡೆಯುತ್ತದೆ.

ಉತ್ತರ (ಟಿವಿ ದುರಸ್ತಿ ತಂತ್ರಜ್ಞ, ಶಿವಮೊಗ್ಗ): ದಾವಣಗೆರೆಯ ಸರ್ ಹೇಳಿದ್ದು ಅರ್ಧ ನಿಜ. ಆ ಆಪ್ ಕೆಲಸ ಮಾಡಬೇಕಾದರೆ ಫೋನಿನ ಮೇಲಂಚಿನಲ್ಲಿ ಇನ್‌ಫ್ರಾರೆಡ್ ಬೆಳಕು ಬಿಡುವ ಪುಟ್ಟ ಕಪ್ಪು ಕಿಂಡಿ ಇರಬೇಕು, ಮತ್ತು ಟಿವಿಯಲ್ಲಿ ಆ ಬೆಳಕನ್ನು ಹಿಡಿಯುವ ಕಣ್ಣಿರಬೇಕು. ಎರಡೂ ಇದ್ದರೆ ಬಾಣದ ಗುಂಡಿಗಳಿಂದ ಸೆಟ್ಟಿಂಗ್ಸ್‌ವರೆಗೆ ಹೋಗಿ ವೈಫೈ ಸೇರಿಸಬಹುದು. ಆದರೆ ಅದರಿಂದ ಅಕ್ಷರ ಬರೆಯಲಾಗುವುದಿಲ್ಲ. ಪಾಸ್‌ವರ್ಡನ್ನು ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಆರಿಸಿಯೇ ತುಂಬಬೇಕು. ಟಿವಿಗೆ ಚುಚ್ಚುವ ಫೈರ್ ಟಿವಿ ಸ್ಟಿಕ್ಕಿನಂಥವುಗಳಲ್ಲಿ ಆ ಕಣ್ಣೇ ಇಲ್ಲದಿರುವುದರಿಂದ ಅಲ್ಲಿ ಇದು ನಡೆಯದು.

ಮೇಡಂ, ನಿಮ್ಮ ಸಂದರ್ಭದಲ್ಲಿ ಮೊದಲು ಟಿವಿಯ ಹಿಂಭಾಗ ನೋಡಿ. ಅಲ್ಲಿ LAN ಎಂದು ಬರೆದ ಚೌಕ ಕಿಂಡಿ ಇದ್ದರೆ ರೌಟರ್‌ನಿಂದ ಅದಕ್ಕೊಂದು ಕೇಬಲ್ ಎಳೆಯಿರಿ. ಸಾಮಾನ್ಯವಾಗಿ ಟಿವಿ ಏನನ್ನೂ ಕೇಳದೆ ನೆಟ್‌ವರ್ಕ್‌ಗೆ ಸೇರಿಕೊಳ್ಳುತ್ತದೆ, ಮತ್ತು ಅದೇ ರೌಟರ್‌ನ ವೈಫೈಯಲ್ಲಿರುವ ಫೋನಿಗೆ ಕಾಣಿಸುತ್ತದೆ. ಯುಎಸ್‌ಬಿ ಕಿಂಡಿಗೆ ಕಂಪ್ಯೂಟರಿನ ಮೌಸ್ ಸಿಕ್ಕಿಸಿದರೂ ಬಹಳಷ್ಟು ಆಂಡ್ರಾಯ್ಡ್ ಟಿವಿಗಳಲ್ಲಿ ಪರದೆಯ ಮೇಲೆ ಬಾಣ ಮೂಡುತ್ತದೆ.

ಕೇಬಲ್ಲೂ ಮೌಸೂ ಇಲ್ಲದವರಿಗೆ ನಾನು ಹೇಳುವ ದಾರಿ ಬೇರೆ. ಟಿವಿ ನೆನಪಿಟ್ಟುಕೊಂಡಿರುವುದು ನಿಮ್ಮ ಹಳೆಯ ರೌಟರನ್ನಲ್ಲ, ಅದರ ವೈಫೈ ಹೆಸರು, ಪಾಸ್‌ವರ್ಡ್ ಮತ್ತು ಭದ್ರತೆಯ ಬಗೆಯನ್ನು. ಆ ಮೂರೂ ಹೊಂದಿಕೆಯಾದರೆ ಯಾವ ಉಪಕರಣದಿಂದ ಸಂಕೇತ ಬಂದರೂ ಅದು ತಾನಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲಿರುವ ಇನ್ನೊಂದು ಫೋನಿನ ಹಾಟ್‌ಸ್ಪಾಟ್‌ಗೆ ಹಳೆಯ ವೈಫೈನ ಹೆಸರು ಮತ್ತು ಪಾಸ್‌ವರ್ಡನ್ನೇ ಇಡಿ, ಭದ್ರತೆಯ ಜಾಗದಲ್ಲಿ WPA2 ಆರಿಸಿ. ಹಳೆಯ ಹೆಸರು `Mane_Wifi` ಎಂದಿದ್ದರೆ `mane_wifi` ಎಂದು ಬರೆದರೆ ಆಗದು. ದೊಡ್ಡಕ್ಷರ, ಸಣ್ಣಕ್ಷರ, ನಡುವಿನ ಗೆರೆ ಎಲ್ಲವೂ ಇದ್ದಂತೆಯೇ ಇರಬೇಕು. ಐಫೋನಿನಲ್ಲಿ ಹಾಟ್‌ಸ್ಪಾಟ್‌ಗೆ ಪ್ರತ್ಯೇಕ ಹೆಸರಿರುವುದಿಲ್ಲ, ಫೋನಿನ ಹೆಸರನ್ನೇ ಬದಲಿಸಬೇಕಾಗುತ್ತದೆ.

ಟಿವಿ ಸೇರಿಕೊಂಡ ಮೇಲೆ ನಿಮ್ಮ ಫೋನನ್ನೂ ಅದೇ ಹಾಟ್‌ಸ್ಪಾಟ್‌ಗೆ ಸೇರಿಸಿ, ಗೂಗಲ್ ಟಿವಿ ಆಪ್‌ನಲ್ಲಿ ರಿಮೋಟ್ ಗುಂಡಿ ಒತ್ತಿ. ಟಿವಿಯ ಹೆಸರನ್ನು ಆರಿಸಿದೊಡನೆ ಟಿವಿ ಪರದೆಯ ಮೇಲೆ ಆರು ಅಕ್ಷರಗಳ ಸಂಕೇತ ಬರುತ್ತದೆ, ಅದನ್ನು ಫೋನಿನಲ್ಲಿ ತುಂಬಿದರೆ ಜೋಡಣೆ ಮುಗಿಯಿತು. ಹಾಟ್‌ಸ್ಪಾಟ್ ಕೊಡುತ್ತಿರುವ ಫೋನನ್ನೇ ರಿಮೋಟ್ ಮಾಡಿಕೊಳ್ಳಲು ಹೋಗಬೇಡಿ, ಕೆಲವು ಫೋನುಗಳಲ್ಲಿ ಆಗ ಟಿವಿ ಕಾಣಿಸುವುದಿಲ್ಲ. ಜೋಡಣೆಯಾದ ಬಳಿಕ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಹೊಸ ವೈಫೈ ಆರಿಸಿ, ಅದರ ಪಾಸ್‌ವರ್ಡನ್ನು ಫೋನಿನ ಕೀಲಿಮಣೆಯಿಂದಲೇ ಬರೆಯಿರಿ. ಟಿವಿ ಹೊಸ ವೈಫೈಗೆ ಹೋದ ಕ್ಷಣ ನಿಮ್ಮ ರಿಮೋಟ್ ಕಡಿದುಹೋಗುತ್ತದೆ. ಗಾಬರಿಯಾಗದೆ ಫೋನನ್ನೂ ಹೊಸ ವೈಫೈಗೆ ಸೇರಿಸಿದರೆ ಮತ್ತೆ ಸಿಗುತ್ತದೆ.

ನಿವೃತ್ತ ನೌಕರ, ಮೈಸೂರು: ನಮ್ಮದೂ ಇದೇ ಕಷ್ಟ. ಕೇಬಲ್‌ನವರ ಸೆಟ್‌ಟಾಪ್ ಬಾಕ್ಸಿನ ರಿಮೋಟ್ ಮೊಮ್ಮಗನ ಕೈಯಲ್ಲಿ ಬಿದ್ದು ಒಡೆದಿದೆ. ಇದೇ ಆಪ್ ಹಾಕಿಕೊಂಡರೆ ಚಾನೆಲ್ ಬದಲಿಸಬಹುದೇ?

ಉತ್ತರ: ಸರ್, ಸಾಮಾನ್ಯ ಕೇಬಲ್ ಬಾಕ್ಸ್ ವೈಫೈಗೆ ಸೇರುವುದೇ ಇಲ್ಲ, ಆದ್ದರಿಂದ ಈ ಆಪ್ ಅದನ್ನು ಕಾಣಲಾರದು. ದಾವಣಗೆರೆಯ ಸರ್ ಹೇಳಿದ ಇನ್‌ಫ್ರಾರೆಡ್ ಫೋನ್ ನಿಮಗೆ ಸರಿಹೊಂದುತ್ತದೆ. ಇಲ್ಲವಾದರೆ ಕೇಬಲ್ ಆಪರೇಟರ್ ಬಳಿ ಅದೇ ಬಾಕ್ಸಿನ ರಿಮೋಟ್ ಕೇಳಿ, ಅದೇ ಸುಲಭ.

ಪ್ರಶ್ನೆ ಕೇಳಿದವರು: ನಮ್ಮ ಟಿವಿಯಲ್ಲಿ LAN ಕಿಂಡಿ ಇಲ್ಲ, ಹಾಗಾಗಿ ಹಾಟ್‌ಸ್ಪಾಟ್ ದಾರಿಯನ್ನೇ ಹಿಡಿದೆ. ಹಳೆಯ ಪಾಸ್‌ವರ್ಡ್ ನನ್ನ ಫೋನಿನ ಉಳಿಸಿದ ವೈಫೈ ಪಟ್ಟಿಯಲ್ಲೇ ಸಿಕ್ಕಿತು. ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರಶಃ ಹಾಗೆಯೇ ಇಟ್ಟು ಟಿವಿಯನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದ್ದೇನೆ. ನನ್ನ ಫೋನಿಗೆ ಹಾಟ್‌ಸ್ಪಾಟ್ ಕಾಣುತ್ತಿದೆ, ಆದರೆ ಟಿವಿ ಸೇರುತ್ತಿಲ್ಲ.

ಉತ್ತರ: ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್ ಎಷ್ಟಿದೆ ನೋಡಿ. ಅದು 5 GHz ಆಗಿದ್ದು ನಿಮ್ಮ ಟಿವಿ 2.4 GHz ಮಾತ್ರ ಹಿಡಿಯುವಂಥದಾಗಿದ್ದರೆ, ಫೋನಿಗೆ ಕಾಣುವುದು ಟಿವಿಗೆ ಕಾಣುವುದೇ ಇಲ್ಲ. 2.4 GHz ಮಾಡಿ. ಐಫೋನ್ ಆದರೆ Maximize Compatibility ಎಂಬುದನ್ನು ಆನ್ ಮಾಡಿ.

ಪ್ರಶ್ನೆ ಕೇಳಿದವರು: ಅದೇ ಕಾರಣವಾಗಿತ್ತು. ಬ್ಯಾಂಡ್ ಬದಲಿಸಿದ ಮೇಲೆ ಟಿವಿ ತಾನಾಗಿಯೇ ಸೇರಿಕೊಂಡಿತು, ಸಂಕೇತವೂ ಬಂತು, ಈಗ ಹೊಸ ವೈಫೈಯಲ್ಲಿದೆ. ತುಂಬಾ ಉಪಕಾರವಾಯಿತು ಸರ್.

ನೆಟ್‌ವರ್ಕ್ ಕೆಲಸದವರು, ಬೆಂಗಳೂರು: ಇದೇ ತರ್ಕವನ್ನು ರೌಟರ್‌ಗೇ ಅನ್ವಯಿಸುವುದು ನನ್ನ ಪ್ರಕಾರ ಇನ್ನೂ ಒಳ್ಳೆಯದು. ಹೊಸ ರೌಟರ್‌ಗೆ ಹಳೆಯ ಹೆಸರು ಮತ್ತು ಪಾಸ್‌ವರ್ಡ್ ಇಟ್ಟರೆ ಟಿವಿಯೊಂದೇ ಅಲ್ಲ, ಮನೆಯ ಎಲ್ಲ ಉಪಕರಣಗಳೂ ಮತ್ತೆ ಕೇಳದೆ ಸೇರಿಕೊಳ್ಳುತ್ತವೆ.

ಉತ್ತರ: ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಗೊತ್ತಿರುವವರಿಗೆ ಅದು ಖಂಡಿತ ಒಳ್ಳೆಯದು. ನಾನು ಹೋಗುವ ಮನೆಗಳಲ್ಲಿ ಅದು ಗೊತ್ತಿರುವವರು ಕಡಿಮೆ, ಆದ್ದರಿಂದ ಹಾಟ್‌ಸ್ಪಾಟ್‌ನಿಂದ ಶುರುಮಾಡುತ್ತೇನೆ. ಹಳೆಯ ಪಾಸ್‌ವರ್ಡ್ ತೀರಾ ಸುಲಭದ್ದಾಗಿದ್ದು ಹತ್ತಾರು ಜನರಿಗೆ ತಿಳಿದಿದ್ದರೆ ಅದನ್ನೇ ಮುಂದುವರಿಸುವುದೂ ನನಗೆ ಸರಿಯೆನಿಸುವುದಿಲ್ಲ.

ವಿದ್ಯಾರ್ಥಿ, ಮಂಗಳೂರು: ಪಿಜಿಯಲ್ಲಿ ಟಿವಿಯೂ ನನ್ನ ಫೋನೂ ಒಂದೇ ವೈಫೈಯಲ್ಲಿವೆ. ಆದರೂ ಆಪ್‌ಗೆ ಟಿವಿ ಸಿಗುವುದಿಲ್ಲ.

ನೆಟ್‌ವರ್ಕ್ ಕೆಲಸದವರು: ಮೊದಲು ಫೋನಿನಲ್ಲಿ ವಿಪಿಎನ್ ಇದ್ದರೆ ಆಫ್ ಮಾಡಿ ನೋಡಿ. ಅದಿಲ್ಲದಿದ್ದರೂ ಕಾಣದಿದ್ದರೆ, ಒಬ್ಬರ ಉಪಕರಣ ಇನ್ನೊಬ್ಬರಿಗೆ ಕಾಣದಂತೆ ಪಿಜಿಯವರು ರೌಟರ್‌ನಲ್ಲಿ ತಡೆ ಹಾಕಿರಬಹುದು. ಹಾಸ್ಟೆಲ್, ಹೋಟೆಲ್‌ಗಳಲ್ಲಿ ಇದು ಸಾಮಾನ್ಯ, ಮತ್ತು ಅದನ್ನು ನಿಮ್ಮ ಕಡೆಯಿಂದ ತೆಗೆಯಲಾಗದು.

ಪ್ರಶ್ನೆ ಕೇಳಿದವರು: ಇನ್ನೊಂದು ಸಂಶಯ ಉಳಿದಿದೆ. ಅತ್ತೆಯವರು ಭಜನೆ, ಯಕ್ಷಗಾನ ಹುಡುಕುವುದು ಹೆಚ್ಚು. ಟಿವಿಯ ಮುಖಪುಟದ ಹುಡುಕಾಟದಲ್ಲಿ ಫೋನಿನಿಂದ ಕನ್ನಡದಲ್ಲೇ ಬರೆದರೆ ಬರುತ್ತದೆ. ಒಂದು ಸಿನಿಮಾ ಆಪ್‌ನಲ್ಲಿ ಮಾತ್ರ ಎಷ್ಟು ಬರೆದರೂ ಒಂದಕ್ಷರವೂ ಮೂಡುವುದಿಲ್ಲ.

ಉತ್ತರ: ಕೆಲವು ಆಪ್‌ಗಳು ಟಿವಿಯ ಕೀಲಿಮಣೆಯನ್ನು ಬಳಸದೆ ತಮ್ಮದೇ ಅಕ್ಷರಗಳ ಮನೆಗಳನ್ನು ಪರದೆಯ ಮೇಲೆ ಬರೆದುಕೊಂಡಿರುತ್ತವೆ. ಫೋನಿನಿಂದ ಹೋದ ಅಕ್ಷರವನ್ನು ಪಡೆಯುವ ಜಾಗವೇ ಅಲ್ಲಿರುವುದಿಲ್ಲ. ಯೂಟ್ಯೂಬ್ ಆದರೆ ಅತ್ತೆಯವರು ಫೋನಿನ ಯೂಟ್ಯೂಬ್‌ನಲ್ಲೇ ಹುಡುಕಿ, ಮೇಲಿನ ಕಾಸ್ಟ್ ಗುರುತು ಒತ್ತಿ ಟಿವಿಗೆ ಕಳುಹಿಸಬಹುದು. ಆಗ ಟಿವಿಯಲ್ಲಿ ಬರೆಯುವ ಕೆಲಸವೇ ಇಲ್ಲ. ನಿಮ್ಮ ಸಿನಿಮಾ ಆಪ್‌ನಲ್ಲೂ ಆ ಗುರುತು ಇದೆಯೇ ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು: ನೋಡಿದೆ ಸರ್, ಅದರಲ್ಲಿ ಇಲ್ಲ. ಯೂಟ್ಯೂಬ್‌ನಲ್ಲಿ ಇದೆ.

ಬ್ಯಾಂಕ್ ಉದ್ಯೋಗಿ, ದಾವಣಗೆರೆ: ಫೋನ್ ರಿಮೋಟ್‌ನ ಮೈಕ್ ಒತ್ತಿ ಸಿನಿಮಾದ ಹೆಸರು ಹೇಳಿ ನೋಡಿ ಮೇಡಂ. ನಮ್ಮ ಟಿವಿಯಲ್ಲಿ ಕೆಲವು ಸಿನಿಮಾಗಳು ಹಾಗೆ ಸಿಗುತ್ತವೆ, ಕೆಲವು ಸಿಗುವುದಿಲ್ಲ.