ಸಹಾಯ ಬೇಕು: ಈ ಪ್ಯಾರಾದಲ್ಲಿ ಮಾತಾಡುತ್ತಿರುವುದು ಮಗುವೋ, ದೊಡ್ಡವರೋ?

ತೀರ್ಥಹಳ್ಳಿಯ ನಮ್ಮ ಓದುಕೂಟಕ್ಕೆ ಬಂದ ಕಾದಂಬರಿಯ ಕರಡು ಹೀಗೆ ಶುರುವಾಗುತ್ತದೆ:

"ಆಗುಂಬೆ ಬಸ್ಸು ಅವತ್ತೂ ಬರಲಿಲ್ಲ. ಅಡಿಕೆ ಕೊಯ್ಲು ಮುಗಿದು ತಿಂಗಳಾದರೂ ಅಂಗಳದ ಚಪ್ಪರ ಬಿಚ್ಚಿರಲಿಲ್ಲ. ಅಮ್ಮ ಅದರ ಕಡೆ ನೋಡುತ್ತಲೇ ಇರಲಿಲ್ಲ."

ಸ್ಥಳ, ಕಾಲ ಸ್ಪಷ್ಟ. 'ಅವತ್ತೂ' ಎಂದಾಗಲೇ ಯಾರಿಗೋ ಬಹಳ ದಿನದಿಂದ ಕಾಯುತ್ತಿದ್ದಾರೆಂದು ತಿಳಿಯುತ್ತದೆ. ಬಿಚ್ಚದ ಚಪ್ಪರವೂ ಓದುಗನಿಗೆ ಕೊಟ್ಟ ಮಾತೇ. ಮುಂದೆ ಅದರ ಕಾರಣ ಬಾರದಿದ್ದರೆ ಮೋಸವಾದಂತೆ.

ತೊಡಕಿರುವುದು ದನಿಯಲ್ಲಿ. 'ನಾನು' ಎಲ್ಲೂ ಇಲ್ಲ, ಆದರೂ 'ಅಮ್ಮ' ಎಂದದ್ದರಿಂದ ಹೇಳುವವರು ಆ ಮನೆಯವರೇ. 'ಇವತ್ತೂ' ಎನ್ನದೆ 'ಅವತ್ತೂ' ಎಂದಿರುವುದು ವರ್ಷಗಳ ನಂತರದ ನೆನಪಿನ ಲಕ್ಷಣ. ಆದರೆ ಅಮ್ಮ ಯಾಕೆ ನೋಡುವುದಿಲ್ಲ ಎಂದು ಊಹಿಸದೆ ಕಂಡಷ್ಟೇ ಹೇಳುವುದು ಮಗುವಿನ ರೀತಿ. ಎರಡೂ ಒಟ್ಟಿಗೆ ನಿಲ್ಲಬಲ್ಲವೇ, ಅಥವಾ ನಾಲ್ಕನೇ ವಾಕ್ಯ ವಯಸ್ಸನ್ನು ಹೇಳಿಬಿಡಬೇಕೇ? ಕಾದಂಬರಿ ತಿದ್ದಿ ಅಭ್ಯಾಸವಿರುವವರು ದಯವಿಟ್ಟು ತಿಳಿಸಿ.