ಥೈರಾಯ್ಡ್ ಹಾರ್ಮೋನಿಗೆ ‘ಚುರುಕುಗೊಳಿಸು’ ಅನ್ನಬಹುದೇ?

ತೀರ್ಥಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳಿಗಾಗಿ ಸೆಲೆನಿಯಂ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ವಾಕ್ಯ ಕಾಡುತ್ತಿವೆ: ‘ಸೆಲೆನಿಯಂ ಇರುವ ಕೆಲವು ಕಿಣ್ವಗಳು ಪೆರಾಕ್ಸೈಡನ್ನು ತಟಸ್ಥಗೊಳಿಸುತ್ತವೆ. ಇನ್ನು ಕೆಲವು ಥೈರಾಯ್ಡ್ ಹಾರ್ಮೋನನ್ನು ಚುರುಕುಗೊಳಿಸುತ್ತವೆ.’ ತಟಸ್ಥ ಅಂದರೆ ಮಕ್ಕಳಿಗೆ ಆಮ್ಲ, ಕ್ಷಾರ ನೆನಪಾಗುತ್ತದೆ. ಚುರುಕು ಅಂದರೆ ಹಾರ್ಮೋನು ಬೇಗ ಓಡುತ್ತದೆ ಅಂದುಕೊಳ್ಳುತ್ತಾರೆ. ಬೇರೆ ಮಾತು ಇದೆಯೇ?

ಶಿವಮೊಗ್ಗದಿಂದ

‘ನಾಶ ಮಾಡು’ ಅಂತ ಬರೆಯಿರಿ, ಸುಲಭ. ಪೆರಾಕ್ಸೈಡಿನ ಆಮ್ಲಜನಕವನ್ನು ಸೆಲೆನಿಯಂ ಹಿಡಿದುಕೊಂಡು ಖರ್ಚಾಗಿಬಿಡುತ್ತದೆ. ಅದಕ್ಕೇ ದಿನಾ ಊಟದಲ್ಲಿ ಬೇಕು. ಎರಡನೆಯದಕ್ಕೆ ‘ಅಯೋಡಿನ್ ಕಳಚುವ ಕಿಣ್ವ’ ಸಾಕು. ಥೈರಾಯ್ಡ್ ಹಾರ್ಮೋನಾದ T4ನಿಂದ ಒಂದು ಅಯೋಡಿನ್ ಹೋದರೆ T3, ಅಲ್ವಾ?

ಸಾಗರದಿಂದ

ಆಮ್ಲಜನಕ ಹಿಡಿಯುವ ಮಾತು ಸರಿ, ಖರ್ಚಾಗುವ ಮಾತು ಸರಿಯಲ್ಲ. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನೇ ನೋಡಿ. ಪೆರಾಕ್ಸೈಡಿನ ಒಂದು ಆಮ್ಲಜನಕ ಅದರ ಸೆಲೆನಿಯಂಗೆ ಅಂಟುತ್ತದೆ, ಉಳಿದದ್ದು ನೀರಾಗುತ್ತದೆ. ಆಗ ಜೀವಕೋಶದಲ್ಲಿರುವ ಗ್ಲುಟಾಥಯೋನ್ ಎಂಬ ಪುಟ್ಟ ಅಣು ಒಂದು ಬಂದು ಸೆಲೆನಿಯಂಗೆ ಕೂಡಿಕೊಳ್ಳುತ್ತದೆ. ಅಂಟಿದ್ದ ಆಮ್ಲಜನಕವೂ ನೀರಾಗಿ ಹೊರಡುತ್ತದೆ. ಎರಡನೇ ಗ್ಲುಟಾಥಯೋನ್ ಬಂದು ಮೊದಲನೆಯದನ್ನು ಜೋಡಿ ಮಾಡಿಕೊಂಡು ಹೋಗುತ್ತದೆ. ಸೆಲೆನಿಯಂ ಮೊದಲಿದ್ದ ಹಾಗೇ ಆಗಿ ಮುಂದಿನ ಪೆರಾಕ್ಸೈಡಿಗೆ ತಯಾರು. ಖರ್ಚಾದದ್ದು ಗ್ಲುಟಾಥಯೋನ್. ಅದನ್ನೂ ಇನ್ನೊಂದು ಕಿಣ್ವ ಮತ್ತೆ ಸರಿಮಾಡುತ್ತದೆ. ದಿನಾ ಸೆಲೆನಿಯಂ ಬೇಕಾಗುವುದು ಹಳೆಯ ಕಿಣ್ವಗಳು ಒಡೆದು, ಸ್ವಲ್ಪ ಸೆಲೆನಿಯಂ ಮೂತ್ರದಲ್ಲಿ ಹೋಗುವುದರಿಂದ.

ಹಾಗಾಗಿ ನಾನಾದರೆ ‘ಪೆರಾಕ್ಸೈಡನ್ನು ನೀರಾಗಿಸುತ್ತವೆ’ ಅಂತ ಬರೆಯುತ್ತೇನೆ. ‘ನಾಶ’ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಥೈರಾಯ್ಡ್ ಗ್ರಂಥಿ ಪೆರಾಕ್ಸೈಡನ್ನು ತಾನೇ ಬೇಕೆಂದು ತಯಾರಿಸುತ್ತದೆ. ಅದಿಲ್ಲದೆ ಹಾರ್ಮೋನಿಗೆ ಅಯೋಡಿನ್ ಸೇರುವುದಿಲ್ಲ. ಮಿಕ್ಕದ್ದು ಜೀವಕೋಶವನ್ನು ಸುಡದಂತೆ ಕಾಯುವುದಷ್ಟೇ ಈ ಕಿಣ್ವದ ಕೆಲಸ.

‘ಅಯೋಡಿನ್ ಕಳಚುವ’ ಅನ್ನುವುದು ಚೆನ್ನಾಗಿದೆ, ಆದರೆ ಅರ್ಧ. T4ನಲ್ಲಿ ಎರಡು ಉಂಗುರ, ಒಂದೊಂದರಲ್ಲಿ ಎರಡು ಅಯೋಡಿನ್. ಹೊರಗಿನ ಉಂಗುರದಿಂದ ಒಂದು ಕಳಚಿದರೆ T3, ಕೆಲಸ ಮಾಡುವ ಹಾರ್ಮೋನು. ಒಳಗಿನದರಿಂದ ಕಳಚಿದರೆ ರಿವರ್ಸ್ T3, ಅದು ಹೆಚ್ಚುಕಮ್ಮಿ ಸುಮ್ನೆ ಕೂರುತ್ತದೆ. ಎರಡರಲ್ಲೂ ಉಳಿಯುವುದು ಮೂರೇ ಅಯೋಡಿನ್. ಎರಡನ್ನೂ ಮಾಡುವುದು ಸೆಲೆನಿಯಂ ಇರುವ ಕಿಣ್ವಗಳೇ. ಹಾಗಾಗಿ ಯಾವ ಉಂಗುರ ಅಂತ ಹೇಳದಿದ್ದರೆ ವಾಕ್ಯ ಹಾರ್ಮೋನನ್ನು ಎಬ್ಬಿಸುವುದಕ್ಕೂ ಹೊಂದುತ್ತದೆ, ಮಲಗಿಸುವುದಕ್ಕೂ ಹೊಂದುತ್ತದೆ.

ಹೊಸನಗರದಿಂದ

ಮೇಷ್ಟ್ರೇ, ಪದ ಏನಾದರೂ ಇರಲಿ. ನಾನು ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತಗೊಳ್ಳುತ್ತೇನೆ, ಆದರೂ ಸುಸ್ತು. ಮಾತ್ರೆಯಲ್ಲಿರುವುದು T4 ಅಂತೆ. ಅದು T3 ಆಗುತ್ತಿಲ್ಲವೇನೋ? ಸೆಲೆನಿಯಂ ಗುಳಿಗೆ ತಗೊಂಡರೆ ಆಗುತ್ತದೆಯೇ?

ಸಾಗರದಿಂದ

ಅಮ್ಮಾ, ಸುಸ್ತಿಗೆ ರಕ್ತ ಕಡಿಮೆ ಇರುವುದರಿಂದ ಹಿಡಿದು ಬೇರೆ ಕಾರಣ ಬೇಕಾದಷ್ಟಿವೆ. ಮೊದಲು TSH ನೋಡಿಸಿ ಡಾಕ್ಟರ್ ಹತ್ತಿರ ಮಾತಾಡಿ. ಎಲ್ಲರಲ್ಲೂ T3ಯ ಬಹುಪಾಲು ಗ್ರಂಥಿಯ ಹೊರಗೆ, T4ನಿಂದಲೇ ಆಗುವುದು. ಸಾಮಾನ್ಯ ಊಟ ಮಾಡುವವರಲ್ಲಿ ಸೆಲೆನಿಯಂ ಕೊರತೆಯಿಂದ ಇದು ನಿಲ್ಲುವುದು ಅಪರೂಪ. ದೊಡ್ಡವರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು. 400 ದಾಟಿ ತುಂಬಾ ದಿನ ತಗೊಂಡರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಬಾಯಿ ಬೆಳ್ಳುಳ್ಳಿ ವಾಸನೆ ಬರುತ್ತದೆ.

ಸುಮ್ನೆ ಗುಳಿಗೆ ನುಂಗಬಾರದು ಅನ್ನುವುದಕ್ಕೆ ಒಂದು ನಿಜ ಉದಾಹರಣೆ ಇದೆ. ಆಫ್ರಿಕಾದ ಜೈರ್‌ನಲ್ಲಿ ಅಯೋಡಿನ್, ಸೆಲೆನಿಯಂ ಎರಡೂ ಕಡಿಮೆ ಇದ್ದ ಕಡೆ 1990ರ ಆಸುಪಾಸಿನಲ್ಲಿ ಸೆಲೆನಿಯಂ ಮಾತ್ರ ಕೊಟ್ಟು ನೋಡಿದರು. ಗ್ರಂಥಿ ಆಗಲೇ ಸೋತಿದ್ದವರಲ್ಲಿ T4 ಇನ್ನೂ ಇಳಿಯಿತು. ಅಯೋಡಿನ್ ಕಳಚುವ ಕಿಣ್ವ ಚೇತರಿಸಿಕೊಂಡು ಇದ್ದ T4ನ್ನೂ ಖರ್ಚು ಮಾಡಿತು, ಹೊಸದು ಮಾಡಲು ಗ್ರಂಥಿಗೆ ಆಗಲಿಲ್ಲ ಅಂತ ಅದನ್ನು ಅರ್ಥಮಾಡಿಕೊಂಡರು. ಹೀಗೆ ಎರಡೂ ಕಡಿಮೆ ಇರುವ ಕಡೆ ಅಯೋಡಿನ್ ಕೊಡದೆ ಸೆಲೆನಿಯಂ ಕೊಡಬಾರದು ಅನ್ನುವ ಎಚ್ಚರ ಅಲ್ಲಿಂದ ಬಂತು. ಗಳಗಂಡ ಕಂಡಿರುವ ನಮ್ಮ ಮಲೆನಾಡಿನ ಮಕ್ಕಳಿಗೆ ಇದನ್ನು ಟಿಪ್ಪಣಿಯಲ್ಲೇ ಹೇಳಿದರೆ ಒಳ್ಳೆಯದು.

ಶಿವಮೊಗ್ಗದಿಂದ

ಉಂಗುರದ ವಿಷಯ ಗೊತ್ತಿರಲಿಲ್ಲ. ಆದರೂ ‘ನೀರಾಗಿಸು’ ನನಗೆ ಒಗ್ಗುವುದಿಲ್ಲ. ಕೊಬ್ಬಿಗೆ ಅಂಟಿದ ಪೆರಾಕ್ಸೈಡ್ ಪೂರ್ತಿ ನೀರಾಗುವುದಿಲ್ಲವಲ್ಲ?

ಸಾಗರದಿಂದ

ಅದು ಸರಿ. ಅಲ್ಲಿ ನೀರಿನ ಜೊತೆ ಕೊಬ್ಬಿನ ಆಲ್ಕೋಹಾಲ್ ಉಳಿಯುತ್ತದೆ. ಹೈಡ್ರೋಜನ್ ಪೆರಾಕ್ಸೈಡಿಗೆ ಮಾತ್ರ ‘ನೀರಾಗಿಸು’ ಇಟ್ಟುಕೊಳ್ಳೋಣ.

ತೀರ್ಥಹಳ್ಳಿಯಿಂದ

ಹೀಗೆ ಬರೆದುಕೊಂಡೆ: ‘ಇನ್ನು ಕೆಲವು ಕಿಣ್ವಗಳು T4ನ ಹೊರ ಉಂಗುರದಿಂದ ಒಂದು ಅಯೋಡಿನ್ ಕಳಚಿ, ಅದನ್ನು ಕೆಲಸ ಮಾಡುವ T3 ಮಾಡುತ್ತವೆ.’ ಚುರುಕು ಬಿಟ್ಟೆ. ಎರಡೂ ಬಗೆಯ ಪೆರಾಕ್ಸೈಡಿಗೆ ಹೊಂದುವ ಒಂದೇ ಕ್ರಿಯಾಪದ ಇನ್ನೂ ಸಿಕ್ಕಿಲ್ಲ. ರಿವರ್ಸ್ T3ಗೂ ಕನ್ನಡದ ಹೆಸರು ಬೇಕು. ಯಾರಿಗಾದರೂ ಹೊಳೆದರೆ ಬರೆಯಿರಿ.