ಎಚ್‌ಪಿವಿ ಲಸಿಕೆ: ಮಗಳಿಗೆ ಎರಡು ಡೋಸಾ, ಮೂರಾ?

ಪ್ರಶ್ನೆ (ಒಬ್ಬ ತಾಯಿ, ಹಾಸನ): ಮಗಳು ಹುಟ್ಟಿದ್ದು 2010ರ ನವೆಂಬರ್ 12. ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆಯ ಮೊದಲ ಡೋಸ್ 2025ರ ಅಕ್ಟೋಬರ್ 5ಕ್ಕೆ, ಎರಡನೆಯದು ಡಿಸೆಂಬರ್ 8ಕ್ಕೆ ಹಾಕಿಸಿದ್ದೀವಿ. 2026ರ ಏಪ್ರಿಲ್ 5ಕ್ಕೆ ಮೂರನೆಯದಕ್ಕೆ ಬನ್ನಿ ಅಂತ ಕ್ಲಿನಿಕ್‌ನವರು ಕಾರ್ಡ್‌ನಲ್ಲಿ ಬರೆದುಕೊಟ್ಟಿದ್ದಾರೆ. ಪಕ್ಕದ ಮನೆಯವರು ಒಂದೇ ಸಾಕಿತ್ತು ಅಂತಾರೆ. ನಮ್ಮತ್ತೆಯವರಿಗೆ ಮುಂದೆ ಮಕ್ಕಳಾಗಲ್ವೇನೋ ಅನ್ನೋ ಭಯ. 12 ವರ್ಷದ ಮಗನೂ ಇದ್ದಾನೆ, ಅವನಿಗೆ ಬೇಕಾ?

ಮೆಡಿಕಲ್ ಸ್ಟೋರ್‌ನವರು, ತುಮಕೂರು: ಲೆಕ್ಕ ಸುಲಭ ಅಕ್ಕಾ. 15 ತುಂಬೋವರೆಗೆ ಎರಡು, ತುಂಬಿದ ಮೇಲೆ ಮೂರು. ನಿಮ್ಮ ಮಗಳಿಗೆ ನವೆಂಬರ್‌ನಲ್ಲಿ 15 ಆಯ್ತು, ಅದಕ್ಕೇ ಮೂರು.

ಮಕ್ಕಳ ತಜ್ಞೆ, ದಾವಣಗೆರೆ: ಮೂರನೆಯದು ಬೇಕು ಅನ್ನೋದು ನಿಜ, ಆದರೆ ಕಾರಣ ಅದಲ್ಲ. ನೋಡಬೇಕಾದ್ದು ಮೊದಲ ಡೋಸ್ ಹಾಕಿದ ದಿನದ ವಯಸ್ಸನ್ನು. ಅಕ್ಟೋಬರ್ 5ಕ್ಕೆ ಈ ಹುಡುಗಿಗೆ ಇನ್ನೂ 14. ಹಾಗಾಗಿ ಆರು ತಿಂಗಳ ಅಂತರದಲ್ಲಿ ಎರಡೇ ಡೋಸ್ ಸಾಕಾಗುತ್ತಿತ್ತು. ನಡುವೆ ಹುಟ್ಟುಹಬ್ಬ ದಾಟಿದರೂ ಅದು ಬದಲಾಗುವುದಿಲ್ಲ.

ಇಲ್ಲಿ ಆಗಿರೋದು ಏನಂದ್ರೆ, ದೊಡ್ಡವರ ವೇಳಾಪಟ್ಟಿಯನ್ನು (ಮೊದಲ ದಿನ, ಎರಡನೇ ತಿಂಗಳು, ಆರನೇ ತಿಂಗಳು) ಕಾರ್ಡ್‌ನಲ್ಲಿ ಬರೆದು, ಎರಡನೆಯದನ್ನು ಎರಡೇ ತಿಂಗಳಿಗೆ ಹಾಕಿದ್ದಾರೆ. ಎರಡೇ ಡೋಸ್‌ಗೆ ಮುಗಿಸಬೇಕಾದರೆ ಅವುಗಳ ನಡುವೆ ಕನಿಷ್ಠ ಐದು ತಿಂಗಳಾದರೂ ಇರಬೇಕು. ಮೊದಲ ಡೋಸ್‌ಗೆ ದೇಹದಲ್ಲಿ ಹುಟ್ಟಿದ ನೆನಪಿನ ಕೋಶಗಳು ಬಲಿಯೋಕೆ ಅಷ್ಟು ಸಮಯ ಹಿಡಿಯುತ್ತೆ, ಆಮೇಲೆ ಬಿದ್ದ ಡೋಸ್‌ಗೇ ಅವು ಜೋರಾಗಿ ಎದ್ದು ನಿಲ್ಲೋದು. ಬೇಗ ಹಾಕಿದ್ದು ವ್ಯರ್ಥವೇನಲ್ಲ, ಆದರೆ ಅದರ ಮೇಲೆ ಇನ್ನೊಂದು ಬೇಕೇ ಬೇಕು.

ಮೂರನೆಯದು ಮೊದಲನೆಯದರಿಂದ ಐದು ತಿಂಗಳು, ಎರಡನೆಯದರಿಂದ 12 ವಾರ ಕಳೆದ ಮೇಲೆ ಬರಬೇಕು. ಡಿಸೆಂಬರ್ 8ರಿಂದ 12 ವಾರ ಅಂದ್ರೆ ಮಾರ್ಚ್ 2, ಅಕ್ಟೋಬರ್ 5ರಿಂದ ಐದು ತಿಂಗಳು ಅಂದ್ರೆ ಮಾರ್ಚ್ 5. ಹಾಗಾಗಿ ಏಪ್ರಿಲ್ 5 ಸರಿಯಾದ ದಿನವೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ಅಡ್ಡ ಬಂದರೆ ಮುಗಿಸಿಕೊಂಡೇ ಬನ್ನಿ. ತಡವಾದರೆ ಮೊದಲಿಂದ ಶುರು ಮಾಡಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಎಷ್ಟು ತಡವಾದರೂ ನಿಂತಲ್ಲಿಂದಲೇ ಮುಂದುವರಿಸೋದು.

ಮಗನಿಗೆ ಈಗ ಶುರು ಮಾಡಿದರೆ ಎರಡೇ ಡೋಸ್, ಆರು ತಿಂಗಳ ಅಂತರ. ಅವನ ಕಾರ್ಡ್‌ನಲ್ಲೂ ಎರಡು ತಿಂಗಳಿಗೆ ಅಂತ ಬರೆದಿದ್ದರೆ ಅಲ್ಲೇ ಕೇಳಿ ತಿದ್ದಿಸಿ.

ಒಬ್ಬ ತಂದೆ, ಬೆಂಗಳೂರು: ಡಾಕ್ಟ್ರೇ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಲಸಿಕೆ ಗಂಡುಮಕ್ಕಳಿಗೆ ಯಾಕೆ? ಇನ್ನೊಂದು ವಿಷಯ. 2010ರಲ್ಲಿ ಇದೇ ಲಸಿಕೆ ಹಾಕಿಸಿಕೊಂಡ ಹುಡುಗಿಯರು ಸತ್ತರು ಅಂತ ಸುದ್ದಿ ಬಂದಿತ್ತಲ್ಲ, ಅದಕ್ಕೆ ಯಾರೂ ಉತ್ತರ ಕೊಡಲ್ಲ.

ಮಕ್ಕಳ ತಜ್ಞೆ: ಗಂಡಸರಲ್ಲಿ ಇದೇ ಎಚ್‌ಪಿವಿ ವೈರಸ್ಸಿನಿಂದ ಗಂಟಲು, ಗುದದ್ವಾರ, ಶಿಶ್ನದ ಕ್ಯಾನ್ಸರ್ ಬರುತ್ತೆ, ಜನನಾಂಗದ ನರುಳ್ಳೆಯೂ ಬರುತ್ತೆ. ಹೆಂಗಸರಿಗಾದರೆ ಗರ್ಭಕೋಶದ ಕೊರಳನ್ನು ಪರೀಕ್ಷಿಸಿ ಮೊದಲೇ ಪತ್ತೆ ಹಚ್ಚಬಹುದು. ಗಂಟಲಿನ ಕ್ಯಾನ್ಸರಿಗೆ ಅಂಥ ಪರೀಕ್ಷೆ ಇಲ್ಲ. ನಮ್ಮಲ್ಲಿ ಸಿಗೋ ಸರ್ವಾವ್ಯಾಕ್ ಅನ್ನೋ ಎಚ್‌ಪಿವಿ ಲಸಿಕೆಗೆ ಗಂಡುಮಕ್ಕಳಿಗೂ ಅನುಮತಿ ಇದೆ. ಹಣ ಒಬ್ಬರಿಗೆ ಮಾತ್ರ ಸಾಲುತ್ತೆ ಅನ್ನೋ ಮನೆಯಲ್ಲಿ ನಾನು ಮೊದಲು ಹೆಣ್ಣುಮಗುವಿಗೇ ಹೇಳ್ತೀನಿ.

2010ರ ವಿಷಯ ಕೇಳಿದ್ದು ಒಳ್ಳೇದಾಯ್ತು ಸರ್. ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಲಸಿಕೆ ಹಾಕಿದ ಪ್ರಾಯೋಗಿಕ ಯೋಜನೆ ಅದು. ಏಳು ಹುಡುಗಿಯರು ತೀರಿಕೊಂಡರು. ತನಿಖೆಯಲ್ಲಿ ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ಕೀಟನಾಶಕ ಸೇವನೆ, ಮಲೇರಿಯಾದಂಥ ಕಾರಣಗಳು ಕಂಡವು, ಲಸಿಕೆಯಿಂದ ಸಾವು ಅಂತ ತೋರಲಿಲ್ಲ. ಆದರೆ ಜನರ ಸಿಟ್ಟು ಆಧಾರವಿಲ್ಲದ್ದಲ್ಲ. ಎಷ್ಟೋ ಕಡೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಸಂಸದೀಯ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ತಪ್ಪಾಗಿದ್ದು ಅಲ್ಲಿ.

ಹಾಸನದ ತಾಯಿಯವರೇ, ನಿಮ್ಮ ಪಕ್ಕದ ಮನೆಯವರ ‘ಒಂದೇ ಸಾಕು’ ಕೂಡ ಅದೇ ಗಲಾಟೆಯಿಂದ ಹುಟ್ಟಿದ್ದು. ಆಗ ಭಾರತದಲ್ಲೇ ಬೇರೊಂದು ಅಧ್ಯಯನ 2009ರಿಂದ ನಡೀತಿತ್ತು, ಎರಡು ಡೋಸ್ ಮೂರಕ್ಕೆ ಸಮವೇ ಅಂತ ನೋಡೋಕೆ. 2010ರ ಏಪ್ರಿಲ್‌ನಲ್ಲಿ ಸರ್ಕಾರ ಲಸಿಕೆ ಹಾಕೋದನ್ನೇ ನಿಲ್ಲಿಸಿತು, ಸಾವಿರಾರು ಹುಡುಗಿಯರು ಒಂದೇ ಡೋಸ್‌ಗೆ ನಿಂತುಬಿಟ್ಟರು. ಅವರನ್ನು ವರ್ಷಾನುಗಟ್ಟಲೆ ಗಮನಿಸಿದಾಗ ಕ್ಯಾನ್ಸರ್ ತರೋದರಲ್ಲಿ ಮುಖ್ಯವಾದ ಎಚ್‌ಪಿವಿಯ 16 ಮತ್ತು 18ನೇ ತಳಿಗಳ ದೀರ್ಘ ಸೋಂಕಿನಿಂದ ಅವರಿಗೂ ಸುಮಾರು ಶೇ 95 ರಕ್ಷಣೆ ಸಿಕ್ಕಿತ್ತು. ಇಂಥ ಪುರಾವೆ ನೋಡಿಯೇ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೂಡ ಆಗಬಹುದು ಅಂದಿದ್ದು.

ಒಬ್ಬ ತಾಯಿ, ಕಲಬುರಗಿ: ಹಂಗಾರ ಸರ್ಕಾರದಾಗ ಒಂದ ಡೋಸ್ ಹಾಕಿಸಿದ್ರ, ಇನ್ನೊಂದು ರೊಕ್ಕ ಕೊಟ್ಟು ಹಾಕಸ್ಬೇಕೇನ್ರೀ?

ಮಕ್ಕಳ ತಜ್ಞೆ: ವೈದ್ಯರೆಲ್ಲ ಇದಕ್ಕೆ ಒಂದೇ ಉತ್ತರ ಕೊಡಲ್ಲಮ್ಮ. ಭಾರತದ ಆ ಅಧ್ಯಯನದಲ್ಲಿ ಬಳಸಿದ್ದು ಗಾರ್ಡಸಿಲ್ ಅನ್ನೋ ಬ್ರ್ಯಾಂಡ್. ಸರ್ವಾವ್ಯಾಕ್‌ಗೆ ಅಷ್ಟು ದೀರ್ಘ ಕಾಲದ ಒಂದು ಡೋಸ್ ಮಾಹಿತಿ ಇಲ್ಲ. ಮಕ್ಕಳ ವೈದ್ಯರ ಸಂಘ ಈಗಲೂ ಎರಡು ಅನ್ನುತ್ತೆ. ಆರೋಗ್ಯವಾಗಿರೋ ಹುಡುಗಿಗೆ ಒಂದೇ ಸಿಕ್ಕಿದ್ದರೂ ದೊಡ್ಡ ರಕ್ಷಣೆಯೇ ಸಿಕ್ಕಿದೆ. ಎಚ್‌ಐವಿ ಇದ್ದರೆ, ಅಂಗ ಕಸಿ ಆಗಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸೋ ಔಷಧ ತಗೊಳ್ತಿದ್ದರೆ ಮಾತ್ರ ಒಂದಕ್ಕೆ ನಿಲ್ಲಿಸಬೇಡಿ. ಅಂಥವರಿಗೆ ಯಾವ ವಯಸ್ಸಾದರೂ ಮೂರು.

ಒಬ್ಬ ಮಹಿಳೆ, ಮೈಸೂರು: ನನಗೆ 33, ಇಬ್ಬರು ಮಕ್ಕಳು. ನಾನೂ ಎರಡು ಹಾಕಿಸಿಕೊಂಡರೆ ಕ್ಯಾನ್ಸರ್ ಪರೀಕ್ಷೆ ಮಾಡಿಸೋದು ತಪ್ಪುತ್ತಲ್ಲ?

ಮಕ್ಕಳ ತಜ್ಞೆ: ತಪ್ಪಲ್ಲ. ಈಗಾಗಲೇ ತಗುಲಿರೋ ಸೋಂಕನ್ನು ಲಸಿಕೆ ವಾಸಿ ಮಾಡಲ್ಲ. ನಿಮ್ಮ ವಯಸ್ಸಿಗೆ ಮೊದಲು ಬೇಕಾದ್ದು ಗರ್ಭಕೋಶದ ಕೊರಳಿನ ಪರೀಕ್ಷೆ. ಲಸಿಕೆ ಬೇಕಾದರೆ ಆಗ ಸ್ತ್ರೀರೋಗ ತಜ್ಞರನ್ನೇ ಕೇಳಿ, ನಿಮಗೆ ಎರಡಲ್ಲ, ಮೂರು.

ಪ್ರಶ್ನೆ ಕೇಳಿದವರು: ಅತ್ತೆಯವರ ಮಾತಿಗೆ ಏನು ಹೇಳಲಿ ಮೇಡಂ?

ಮಕ್ಕಳ ತಜ್ಞೆ: ಇದರಲ್ಲಿ ಜೀವಂತ ವೈರಸ್ ಇಲ್ಲ, ಅದರ ಹೊರಕವಚದ ಪ್ರೋಟೀನ್ ಮಾತ್ರ ಇದೆ, ಹಾರ್ಮೋನ್ ಇಲ್ಲ ಅಂತ ಹೇಳಿ. ಅಂಡಾಶಯ ಕೆಡುತ್ತೆ ಅನ್ನೋ ಅನುಮಾನವನ್ನು ಅಮೆರಿಕದಲ್ಲಿ ಸುಮಾರು 2 ಲಕ್ಷ ಹುಡುಗಿಯರು, ಯುವತಿಯರ ದಾಖಲೆ ಇಟ್ಟುಕೊಂಡು ಪರಿಶೀಲಿಸಿದರು. 2018ರಲ್ಲಿ ಫಲಿತಾಂಶ ಬಂತು, ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಬಸಿರಿಗೆ ತೊಂದರೆ ಕೊಡೋದು ಸೋಂಕಿನಿಂದ ಆಗೋ ಕ್ಯಾನ್ಸರ್‌ಪೂರ್ವ ಗಾಯ. ಅದನ್ನು ತೆಗೆಯೋಕೆ ಗರ್ಭಕೋಶದ ಕೊರಳಿನ ಭಾಗ ಕತ್ತರಿಸಿದರೆ ಮುಂದೆ ತಿಂಗಳು ತುಂಬೋ ಮೊದಲೇ ಹೆರಿಗೆಯಾಗೋ ಸಾಧ್ಯತೆ ಹೆಚ್ಚುತ್ತೆ. ಅದನ್ನು ತಪ್ಪಿಸೋಕೇ ಈ ಚುಚ್ಚುಮದ್ದು. ಮುಟ್ಟಿನ ದಿನಗಳಲ್ಲೂ ಹಾಕಿಸಬಹುದು.

ಸ್ಟಾಫ್ ನರ್ಸ್, ಶಿವಮೊಗ್ಗ: ನಾವು ನಿಜವಾಗಿ ನೋಡೋ ತೊಂದರೆ ತಲೆಸುತ್ತು. ಈ ವಯಸ್ಸಿನ ಮಕ್ಕಳು ಸೂಜಿ ಕಂಡೇ ಬೆವರಿ, ಬಿಳುಚಿಕೊಂಡು ಬೀಳ್ತಾರೆ, ಪೆಟ್ಟಾಗೋದು ಬಿದ್ದಾಗ ತಲೆಗೆ. ತಿಂಡಿ ತಿನ್ನಿಸಿ, ಸಡಿಲ ತೋಳಿನ ಬಟ್ಟೆ ಹಾಕಿಸಿ ಕರ್ಕೊಂಡು ಬನ್ನಿ. ಕೂರಿಸಿಯೇ ಹಾಕಿಸಿ, ಆಮೇಲೂ 15 ನಿಮಿಷ ಎಬ್ಬಿಸಬೇಡಿ. ತಲೆಸುತ್ತು ಅಂದ ತಕ್ಷಣ ಮಲಗಿಸಿ ಕಾಲು ಎತ್ತರಕ್ಕೆ ಇಡಿ, ಸ್ವಲ್ಪ ಹೊತ್ತಿಗೆ ಚೇತರಿಸಿಕೊಳ್ತಾರೆ. ಮೈಮೇಲೆ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟಿದರೆ ಅದು ಅಲರ್ಜಿ, ಅಪರೂಪ. ತಡಮಾಡದೆ ಅಲ್ಲೇ ಡಾಕ್ಟರನ್ನು ಕೂಗಿ, ಅವರ ಹತ್ತಿರ ಅಡ್ರಿನಲಿನ್ ಇರುತ್ತೆ.

ಇನ್ನೊಂದು. ಮೆಡಿಕಲ್‌ನಿಂದ ನೀವೇ ಲಸಿಕೆ ತರೋದಾದರೆ ಬಾಟ್ಲಿಯನ್ನು ಐಸ್‌ಗೆ ತಾಗಿಸಿ ತರಬೇಡಿ. ಇದು 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತು. ಅಲುಗಾಡಿಸಿದರೆ ಒಂದೇ ಸಮ ಬಿಳಿ ಮೋಡದಂತೆ ಆಗಬೇಕು. ಹರಳು ಹರಳಾಗಿ ಕಂಡು ಬೇಗ ತಳಕ್ಕಿಳಿದರೆ ಹಾಕಿಸಬೇಡಿ.

ಮೆಡಿಕಲ್ ಸ್ಟೋರ್‌ನವರು: ನಾವು ಐಸ್ ಪ್ಯಾಕ್ ಜೊತೆಗೇ ಕೊಡ್ತೀವಲ್ಲ ಸಿಸ್ಟರ್?

ಸ್ಟಾಫ್ ನರ್ಸ್: ಕೊಡಿ ಸರ್, ಆದರೆ ಫ್ರೀಜರ್‌ನಿಂದ ತೆಗೆದ ಪ್ಯಾಕನ್ನು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಬಂದ ಮೇಲೆ ಬಳಸಿ. ಬಾಟ್ಲಿಯ ಸುತ್ತ ದಪ್ಪ ಕಾಗದ ಸುತ್ತಿ.